ಬರೆಯುವ ಮೊದಲೇ ಓದಿದ ಮಾತು

ರಾಣೆಬೆನ್ನೂರಿನ ಆ ಬೀಜದ ಕಂಪನಿಯಲ್ಲಿ ಭುವನಾಳಿಗೆ ಎಲ್ಲ ಕೆಲಸವೂ ಬರುತ್ತಿತ್ತು. ಹಾಗಾಗಿ ಎಲ್ಲ ಕೆಲಸವೂ ಅವಳ ಕೊರಳಿಗೇ ಬೀಳುತ್ತಿತ್ತು. ೨೦೦೯ರಲ್ಲಿ ಕಂಪನಿ ಸ್ಕೈಪಿನಲ್ಲಿ ಮೀಟಿಂಗ್ ಶುರುಮಾಡಿತು. ಮ್ಯಾನೇಜರ್ ಶಶಿಕಾಂತ ಆಫೀಸಿನಿಂದ, ಬೆಳೆ ತಪಾಸಣೆಯ ದ್ರಾಕ್ಷಾಯಿಣಿ ಹಾವೇರಿಯಿಂದ, ಗೋದಾಮಿನ ಶೇಖಪ್ಪ ಬ್ಯಾಡಗಿಯಿಂದ ಮಾತಿಗೆ ಕೂಡುತ್ತಿದ್ದರು. ರೆಕಾರ್ಡ್ ಆದ ಮಾತನ್ನು ಟೈಪಿಸ್ಟ್ ಮಹಮೂದಾಬೇಗಂ ಇದ್ದದ್ದನ್ನು ಇದ್ದಂತೆಯೇ ಬರೆದು, ಎಷ್ಟನೇ ನಿಮಿಷದ ಮಾತು ಎಂದು ಅಂಚಿನಲ್ಲಿ ಗುರುತು ಹಾಕಿ ಕೊಡುತ್ತಿದ್ದಳು. ಕರೆಯ ನಡುವೆ ಅವರು ಟೈಪ್ ಮಾಡಿದ ಚಾಟ್ ಬೇರೆ ಬರುತ್ತಿತ್ತು, ಅದರ ಮೇಲೆ ಗಡಿಯಾರದ ಹೊತ್ತು ಇರುತ್ತಿತ್ತು. ಎರಡನ್ನೂ ಹೆಣೆದು ಒಂದೇ ಸಾರಾಂಶ ಮಾಡುವುದು ಭುವನಾಳ ಪಾಲು.

ಆ ಸೋಮವಾರ ದ್ರಾಕ್ಷಾಯಿಣಿಯ ಮೈಕು ಕೆಟ್ಟಿತ್ತು. ಎಲ್ಲರ ಮಾತು ಅವಳಿಗೆ ಕೇಳುತ್ತಿತ್ತು, ಉತ್ತರ ಮಾತ್ರ ಚಾಟಿನಲ್ಲಿ. ಶಶಿಕಾಂತ ಮೊದಲೆರಡು ಸಾಲು ನೋಡಿದ. ಆಮೇಲೆ ಹೊಲಗಳ ನಕ್ಷೆ ತೆರೆದುಕೊಂಡು ಮಾತಿನಲ್ಲೇ ಮುಳುಗಿಹೋದ. ಶೇಖಪ್ಪನಂತೂ ಚಾಟಿನ ಕಡೆ ತಿರುಗಿ ನೋಡುವವನೇ ಅಲ್ಲ.

“ದ್ರಾಕ್ಷಾಯಿಣಿಯವ್ರು ಏನ್ ಬರದಾರ ನೋಡಿ, ಸಾರಾಂಶ ಲಗೂನ ಕೊಡು,” ಎಂದ ಶಶಿಕಾಂತ, ಮೀಟಿಂಗ್ ಮುಗಿದ ಮೇಲೆ ಭುವನಾಳಿಗೆ. “ಕುಪ್ಪೇಲೂರಿನ ಹೊಳಿಯವ್ವನ ಹೊಲದ್ದು ಇವತ್ತೇ ತೀರ್ಮಾನ ಆಗಬೇಕು.”

ಹೊಳಿಯವ್ವ ಕಂಪನಿಗೆ ಮೆಣಸಿನ ಬೀಜ ಬೆಳೆದುಕೊಡುತ್ತಿದ್ದಳು. ಪಕ್ಕದ ಹೊಲದವರು ಬೇರೆ ತಳಿಯ ಮೆಣಸಿನಗಿಡ ಹಚ್ಚಿದ್ದರಿಂದ ಅದರ ಪರಾಗ ಬಂದು ಬೀಜ ಬೆರಕೆಯಾದೀತೆಂಬ ಅಂಜಿಕೆ ಹುಟ್ಟಿತ್ತು.

ಮೀಟಿಂಗ್ ಹನ್ನೊಂದಕ್ಕೆ ಶುರುವಾಗಿತ್ತು. ಟೈಪಾದ ಮಾತಿನ ಸೊನ್ನೆ ನಿಮಿಷವನ್ನು ಹನ್ನೊಂದು ಗಂಟೆಯೆಂದೇ ಹಿಡಿದು ಭುವನಾ ಚಾಟಿನ ಸಾಲುಗಳನ್ನು ನಡುನಡುವೆ ಇಡುತ್ತ ಹೋದಳು. ಎಲ್ಲವೂ ಸಲೀಸಾಗಿ ಕೂಡಿತು. ಹೊಳಿಯವ್ವನ ಗಿಡ ಕೀಳಿಸೋಣವೇ ಎಂದು ಶಶಿಕಾಂತ ಕೇಳಿದ್ದ. ಅದರ ಕೆಳಗೇ ದ್ರಾಕ್ಷಾಯಿಣಿಯ ‘ಆಗಲಿ, ನನ್ನ ಒಪ್ಪಿಗೆ ಇದೆ’ ಬಂದು ಕೂತಿತು. ಹಳೆಯ ಬೀಜವನ್ನು ಬ್ಯಾಡಗಿಯ ಶೀತಗೃಹಕ್ಕೆ ಕಳಿಸುವ ಮಾತಿನ ಕೆಳಗೆ ‘ನಾನು ನೋಡುವ ತನಕ ಬೇಡ’ ಬಂತು. ಅದನ್ನೇ ಸಾರಾಂಶ ಮಾಡಿ ಕೊಟ್ಟಳು. ಶಶಿಕಾಂತ ಓದಿದವನೇ ಹೊಲಗಳಲ್ಲಿ ಓಡಾಡಿ ಕೆಲಸ ಮಾಡಿಸುವ ಹುಲಿಗೇಶನಿಗೆ ಫೋನ್ ಮಾಡಿ, ಗಿಡ ಕೀಳಿಸಲು ಹೇಳಿದ.

ಊಟವಾದ ಮೇಲೆ ಫೈಲಿಗೆ ಹಾಕಲು ಹಾಳೆಗಳನ್ನು ಜೋಡಿಸುವಾಗ ಭುವನಾಳ ಕಣ್ಣು ಮೊದಲ ಪುಟಕ್ಕೆ ಅಂಟಿತು. ಒಂದನೇ ನಿಮಿಷದಲ್ಲಿ ಶಶಿಕಾಂತ ಹೇಳಿದ್ದ: ‘ದ್ರಾಕ್ಷಾಯಿಣಿಯವ್ರ ಮೈಕು ಕೆಟ್ಟೈತಂತ, ಬರದಾರ ನೋಡ್ರಿ.’ ಮೈಕು ಕೆಟ್ಟಿದೆ ಎಂಬ ದ್ರಾಕ್ಷಾಯಿಣಿಯ ಸಾಲು ಚಾಟಿನಲ್ಲಿ ಬಂದದ್ದು ಹನ್ನೊಂದು ಗಂಟೆ ಆರು ನಿಮಿಷಕ್ಕೆ. ಅವಳು ಬರೆಯುವ ಮೊದಲೇ ಇವನು ಓದಿದ್ದು ಹೇಗೆ?

ಭುವನಾ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಳು. ರೆಕಾರ್ಡ್ ಗುಂಡಿ ಒತ್ತಿದ್ದೇ ತಡವಾಗಿ. ಸೊನ್ನೆ ನಿಮಿಷ ಎಂದರೆ ಹನ್ನೊಂದು ಗಂಟೆಯಲ್ಲ, ಅದಾದ ಐದು ನಿಮಿಷದ ಮೇಲಿನ ಮಾತು. ಚಾಟಿನ ಸಾಲುಗಳನ್ನೆಲ್ಲ ಐದೈದು ನಿಮಿಷ ಮೇಲಕ್ಕೆ ಸರಿಸಿ ನೋಡಿದಳು. ‘ಒಪ್ಪಿಗೆ’ ಹೋಗಿ, ಗುರುವಾರ ತಪಾಸಣೆಗೆ ಹೋಗೋಣವೇ ಎಂಬ ಪ್ರಶ್ನೆಯ ಕೆಳಗೆ ನಿಂತಿತು. ‘ನಾನು ನೋಡುವ ತನಕ ಬೇಡ’ ಎಂಬುದು ಹೊಳಿಯವ್ವನ ಗಿಡ ಕೀಳಿಸುವ ಮಾತಿನ ಕೆಳಗೆ.

ಬರಿಯ ಲೆಕ್ಕವನ್ನೇ ನಂಬದೆ ಹಾವೇರಿಗೆ ಫೋನ್ ಹಚ್ಚಿದಳು.

“ಅಕ್ಕಾರ, ಹೊಳಿಯವ್ವನ ಗಿಡ ಕೀಳಾಕ ನೀವು ಹೂಂ ಅಂದೀರೇನ್ರಿ?”

“ಇಲ್ಲವ್ವ. ನೋಡೋತನಕ ಮುಟ್ಟಬ್ಯಾಡ್ರಿ ಅಂತ ಬರದೇನಿ. ಯಾಕ?”

ಭುವನಾ ಶಶಿಕಾಂತನ ಟೇಬಲ್ಲಿಗೆ ಹೋಗಿ, ಎರಡೂ ಹಾಳೆ ಮುಂದಿಟ್ಟು, “ಸರ, ನಾ ಕೊಟ್ಟ ಸಾರಾಂಶ ತಪ್ಪೈತಿ. ಹುಲಿಗೇಶನ್ನ ನಿಲ್ಲಸ್ರಿ,” ಎಂದಳು. ಅವನು ಬೈಯಲಿಲ್ಲ, ಬೈಯಲು ಹೊತ್ತೂ ಇರಲಿಲ್ಲ. ಹುಲಿಗೇಶ ಫೋನ್ ಎತ್ತಿದ್ದು ಮೂರನೇ ಸಲಕ್ಕೆ. ಅಷ್ಟರಲ್ಲಿ ರಸ್ತೆ ಬದಿಯ ಎರಡು ಸಾಲು ಕಿತ್ತಾಗಿತ್ತು.

ಹೊಸ ಸಾರಾಂಶದಲ್ಲಿ ಭುವನಾ ಒಂದಕ್ಕೊಂದು ಎದುರಾದ ಮಾತುಗಳನ್ನು ನುಣ್ಣಗೆ ಮಾಡಲಿಲ್ಲ. ಶಶಿಕಾಂತ ಕೀಳಿಸೋಣವೆಂದ, ದ್ರಾಕ್ಷಾಯಿಣಿ ಚಾಟಿನಲ್ಲಿ ಬೇಡವೆಂದಳು, ಅದನ್ನು ಯಾರೂ ಓದಲಿಲ್ಲ, ತೀರ್ಮಾನ ಆಗಿಲ್ಲ. ಹಾಗೆಯೇ ಬರೆದಳು. ಶಶಿಕಾಂತ ‘ಯಾರೂ ಓದಲಿಲ್ಲ’ ಎಂಬಲ್ಲಿ ಬೆರಳಿಟ್ಟ. ಆಮೇಲೆ, “ಇರಲಿ ಬಿಡು, ಖರೇನ ಐತಿ,” ಎಂದು ಎಲ್ಲರಿಗೂ ಕಳಿಸಿದ.

ಗುರುವಾರ ದ್ರಾಕ್ಷಾಯಿಣಿಯ ಜೊತೆ ಭುವನಾಳೂ ಕುಪ್ಪೇಲೂರಿಗೆ ಹೋದಳು. ಪಕ್ಕದವನ ಹೊಲಕ್ಕೆ ಹತ್ತಿದ ಅಂಚನ್ನಷ್ಟೇ ಬಿಟ್ಟು ಉಳಿದ ಬೆಳೆ ಬೀಜಕ್ಕೆ ನಡೆಯುತ್ತದೆ ಎಂದು ದ್ರಾಕ್ಷಾಯಿಣಿ ಬರೆದುಕೊಟ್ಟಳು. ರಸ್ತೆ ಬದಿಯ ಸಾಲುಗಳು ಆ ಅಂಚಿನಿಂದ ದೂರವಿದ್ದವು, ಅವುಗಳಿಗೆ ಬೆರಕೆಯ ಅಂಜಿಕೆಯೇ ಇರಲಿಲ್ಲ. ಕಿತ್ತ ಎರಡು ಸಾಲು ಸುಮ್ಮಸುಮ್ಮನೆ ಹೋಗಿದ್ದವು.

ಭುವನಾ ತಾನೇ ಹೋಗಿ ಹೊಳಿಯವ್ವನಿಗೆ ನಡೆದದ್ದನ್ನು ಹೇಳಿದಳು. ಹೊಳಿಯವ್ವ ಬಾಡಿದ ಗಿಡಗಳನ್ನು ಬದುವಿಗೆ ಎಳೆಯುತ್ತಲೇ ಕೇಳಿಸಿಕೊಂಡಳು.

“ನಿಮ್ಮ ನಿಮಿಷದ ಲೆಕ್ಕ ನನಗ ತಿಳಿಯಂಗಿಲ್ಲವ್ವ,” ಎಂದಳು ಕೊನೆಗೆ. “ಕೀಳ್ರಿ ಅನ್ನೋಕಿಂತ ಮೊದಲ ನನಗೂ ಒಂದು ಮಾತು ಕೇಳ್ರಿ. ಹೊಲದಾಗ ಇರಾಕಿ ನಾನು.”

“ಕೇಳ್ತೀವ್ರಿ,” ಎಂದಳು ಭುವನಾ. ಬಗ್ಗಿ ಇನ್ನೊಂದು ತುದಿಯಿಂದ ಗಿಡಗಳನ್ನು ಎಳೆಯತೊಡಗಿದಳು.