ಹದಿನೇಳನೇ ಪ್ರಶ್ನೆಯ ಮೊದಲ ಕಂತು

ಆ ಭಾನುವಾರ ಬೆಳಿಗ್ಗೆ ಸೊಸೆ ಅಡುಗೆಮನೆಯ ಮೇಜಿನ ಮೇಲೆ ಹದಿನೇಳನೇ ಪ್ರಶ್ನೆಯನ್ನು ನಾಲ್ಕನೇ ಸಲ ಮಾಡಿದಳು. ನಾಲ್ಕನೇ ಸಲವೂ ಅವಳ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲ. ಪುಸ್ತಕ ಬರೆದವರು ಯಾರೋ ಆಗಿದ್ದರೆ ಮನಸ್ಸಿನಲ್ಲೇ ಎರಡು ಮಾತು ಬೈದು ಪುಟ ತಿರುಗಿಸಬಹುದಿತ್ತು. ಬರೆದವರು ಸ್ವಂತ ಮಾವ. ಅವರು ಪಕ್ಕದ ಕೋಣೆಯಲ್ಲಿ ಗಡ್ಡ ಕೆರೆದುಕೊಳ್ಳುತ್ತಾ ಯಾವುದೋ ಹಾಡು ಗುನುಗುತ್ತಿದ್ದರು.

ಮಾವನಿಗೆ ಊರೆಲ್ಲ ಇಟ್ಟ ಹೆಸರು ಕಂತು ಮೇಷ್ಟ್ರು. ಅಕೌಂಟ್ಸ್ ಪರೀಕ್ಷೆಗೆ ಕೂರುವವರಿಗೆ ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದರು. ಲೀಸ್ ಅಧ್ಯಾಯವೆಂದರೆ ಅವರಿಗೆ ಪಂಚಪ್ರಾಣ. ಅವರ ಪ್ರಶ್ನೆ ಪುಸ್ತಕದಲ್ಲಿ ಅಚ್ಚಾದ ಸಂಖ್ಯೆ ಎಂದರೆ ಮುಗಿಯಿತು, ಅದರ ಮೇಲೆ ಮೇಲ್ಮನವಿ ಇಲ್ಲ. "ಉತ್ತರ ಹೊಂದ್ತಿಲ್ಲ ಸರ್" ಎಂದು ಯಾರಾದರೂ ಬಾಯಿ ಬಿಟ್ಟರೆ "ಹಾಗಾದ್ರೆ ನೀನು ಹೊಂದ್ಕೋ" ಎಂದು ಕಳಿಸಿಬಿಡುತ್ತಿದ್ದರು.

ಸೊಸೆ ಲಾಂಡ್ರಿಯೊಂದರ ಲೆಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಉಳಿದ ಪೇಪರುಗಳೆಲ್ಲ ಮುಗಿದಿದ್ದವು, ಬಾಕಿ ಇದ್ದದ್ದು ಇದೊಂದೇ. ಎರಡು ಸಲ ಫೇಲಾಗಿತ್ತು. ಬುಧವಾರದ ಪರೀಕ್ಷೆ ಮೂರನೆಯದು ಮತ್ತು ಕೊನೆಯದು. ಈ ಸಲವೂ ಹೋದರೆ ಪಾಸಾದ ಪೇಪರುಗಳೂ ಲೆಕ್ಕಕ್ಕಿಲ್ಲದೆ ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು.

ಪ್ರಶ್ನೆ ನೋಡಲು ಸಾಧುವಾಗಿತ್ತು. ಒಂದು ಕಂಪನಿ ಐದು ವರ್ಷಕ್ಕೆ ವ್ಯಾನೊಂದನ್ನು ಲೀಸಿಗೆ ಪಡೆಯುತ್ತದೆ. ಪ್ರತಿ ವರ್ಷದ ಆರಂಭದಲ್ಲಿ ಒಂದು ಲಕ್ಷ ಕಟ್ಟಬೇಕು. ಬಡ್ಡಿ ಶೇಕಡಾ ಹತ್ತು. ಲೀಸ್ ಕುದುರಿಸಿದ ದಲ್ಲಾಳಿಗೆ ಕಂಪನಿ ಎಂಟು ಸಾವಿರ ಕೊಟ್ಟಿದೆ; ವ್ಯಾನಿನ ಮಾಲೀಕ ಒಪ್ಪಂದಕ್ಕೆ ಒಲಿಸಲು ಕಂಪನಿಗೆ ಐದು ಸಾವಿರ ಕೊಟ್ಟಿದ್ದಾನೆ. ಮೊದಲ ದಿನ ಲೀಸ್ ಬಾಧ್ಯತೆ ಎಂಬ ಬಾಕಿ ಎಷ್ಟು, ವ್ಯಾನನ್ನು ಬಳಸುವ ಹಕ್ಕು ಎಂಬ ಆಸ್ತಿ ಎಷ್ಟು?

ಪುಸ್ತಕ ಹೇಳುತ್ತಿತ್ತು: ಬಾಧ್ಯತೆ 3,79,100, ಆಸ್ತಿ 3,82,100. ಸೊಸೆಗೆ ಬರುತ್ತಿದ್ದದ್ದು: ಬಾಧ್ಯತೆ 3,17,000, ಆಸ್ತಿ 4,20,000.

ಇಷ್ಟು ದಿನ ಅವಳು ತಪ್ಪು ತನ್ನದೇ ಎಂದುಕೊಂಡಿದ್ದಳು. ಎರಡನೇ ಸಲದ ಪರೀಕ್ಷೆಯಲ್ಲಿ ಇಂಥದ್ದೇ ಪ್ರಶ್ನೆ ಬಂದಾಗ ಮೊದಲು ತನಗೆ ತೋಚಿದಂತೆ ಬರೆದಿದ್ದಳು. ಆಮೇಲೆ ಮಾವನ ಪುಸ್ತಕ ನೆನಪಾಗಿ, ಬರೆದದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿ, ಪುಸ್ತಕದ ದಾರಿ ಹಿಡಿದಿದ್ದಳು. ಎರಡೇ ಎರಡು ಮಾರ್ಕ್ಸಿನಲ್ಲಿ ಪೇಪರು ಹೋಯಿತು.

ಆದರೆ ಗುರುವಾರ ಒಂದು ಸಂಗತಿ ನಡೆದಿತ್ತು. ಲಾಂಡ್ರಿಗೆ ನಿಜವಾದ ವ್ಯಾನೊಂದು ಲೀಸಿಗೆ ಬಂತು. ಮೂವತ್ತಾರು ಕಂತು, ಮೊದಲನೆಯ ಕಂತಿನ ಚೆಕ್ಕನ್ನು ಕೀಲಿ ಕೈಗೆ ಬರುವಾಗಲೇ ಕೊಡಬೇಕು. ಚೆಕ್ಕು ಬರೆದವಳು ಅವಳೇ. ವ್ಯಾನಿನವರು ಕೊಟ್ಟ ಬಾಕಿ ಪಟ್ಟಿಯಲ್ಲಿ ಎಣಿಸಿದರೆ ಮೂವತ್ತೈದೇ ಸಾಲು. ಅದನ್ನು ಕಂಡಾಗಿನಿಂದ ಅವಳಿಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ.

"ಅತ್ತೆ, ಕೀಲಿ ತಗೊಳ್ಳುವಾಗ್ಲೇ ಮೊದಲ ಕಂತು ಕೊಟ್ಬಿಟ್ರೆ, ಆಮೇಲೆ ಅದು ಬಾಕಿ ಅನ್ನಿಸ್ಕೊಳ್ಳುತ್ತಾ?" ಎಂದು ಕೇಳಿದಳು.

ಬೀನ್ಸ್ ಮುರಿಯುತ್ತಿದ್ದ ಅತ್ತೆ ತಲೆಯನ್ನೂ ಎತ್ತಲಿಲ್ಲ. "ಕೊಟ್ಟಾದ ದುಡ್ಡು ಮತ್ತೆ ಸಾಲ ಹೇಗಾಗುತ್ತೆ? ಇಂಥದ್ದನ್ನೆಲ್ಲ ಕೇಳೋ ಪರೀಕ್ಷೆಯವರಿಗೆ ತಲೆ ನೆಟ್ಟಗಿದೆಯಾ?"

"ಪರೀಕ್ಷೆಯವರದ್ದಲ್ಲ, ಮಾವನ ಪುಸ್ತಕದ್ದು."

ಅತ್ತೆ ಈಗ ತಲೆ ಎತ್ತಿದರು. ಪಕ್ಕದ ಕೋಣೆಯ ಕಡೆ ಒಮ್ಮೆ ನೋಡಿ ಬೀನ್ಸಿಗೇ ಮರಳಿದರು. "ಅವರಿಗೆ ನೀನೇ ಹೇಳು. ನಾನು ಈ ಮನೆಯಲ್ಲಿ ಇನ್ನೂ ಸ್ವಲ್ಪ ವರ್ಷ ಇರಬೇಕು."

ಕಾಫಿಯ ಹೊತ್ತಿಗೆ ಸೊಸೆ ಧೈರ್ಯ ತಂದುಕೊಂಡು "ಮಾವ, ಹದಿನೇಳನೇ ಪ್ರಶ್ನೆ..." ಎಂದಳು. ಅವರು ಲೋಟ ಎತ್ತಿ ತಡೆದರು. "ಅದನ್ನ ಇವತ್ತು ಕ್ಲಾಸಲ್ಲೇ ಮಾಡಿಸ್ತೀನಿ. ಮನೇಲಿ ಸೊಸೆಗೆ ಮೊದಲೇ ಹೇಳಿಕೊಟ್ಟೆ ಅಂತ ನಾಳೆ ಯಾರೂ ಅನ್ನಬಾರದು." ನ್ಯಾಯವೇನೋ ನ್ಯಾಯವೇ. ಅವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

ಹನ್ನೊಂದು ಗಂಟೆಗೆ ಕ್ಲಾಸು ತುಂಬಿತ್ತು. ಒಂದು ಅಂಗಡಿಯ ಮೇಲಿನ ಉದ್ದನೆಯ ಕೋಣೆ, ಅರವತ್ತು ಜನ ಕೂರುವಷ್ಟು ಬೆಂಚು, ಒಂದು ಕಡೆ ಕಿರುಗುಟ್ಟುವ ಫ್ಯಾನು. ಮನೆಯ ಹೊಸಿಲು ದಾಟಿದರೆ ಮಾವ ಸರ್ ಆಗುತ್ತಿದ್ದರು, ಸೊಸೆ ಮೊದಲ ಬೆಂಚು ಆಗುತ್ತಿದ್ದಳು. ಹಾಜರಿ ಕೂಗುವಾಗ ಅವಳ ಮುಖವನ್ನೂ ನೋಡುತ್ತಿರಲಿಲ್ಲ. ಈ ನಾಟಕಕ್ಕೆ ಇಡೀ ಕ್ಲಾಸು ಒಳಗೊಳಗೇ ನಗುತ್ತಿತ್ತು, ಅದು ಗೊತ್ತಿಲ್ಲದವರು ಮೇಷ್ಟ್ರೊಬ್ಬರೇ.

"ಹದಿನೇಳು. ಬೋರ್ಡಿಗೆ ಯಾರು ಬರ್ತೀರಾ?" ಅರವತ್ತು ತಲೆ ಒಟ್ಟಿಗೇ ಪುಸ್ತಕದೊಳಗೆ ಇಳಿದವು. "ಹಾಗಾದ್ರೆ ಮೊದಲ ಬೆಂಚು."

ಸೊಸೆ ಎದ್ದಳು. ಪುಸ್ತಕದ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು; ಅದನ್ನೇ ಬರೆದು ಬಂದು ಕೂತರೆ ಯಾರಿಗೂ ನೋವಿಲ್ಲ. ಆದರೆ ಬುಧವಾರವೂ ಹೀಗೇ ಎರಡು ದಾರಿ ಎದುರಿಗೆ ಬರುತ್ತವೆ, ಆಗಲೂ ತನ್ನದನ್ನೇ ಹೊಡೆದುಹಾಕುತ್ತೇನಾ ಎಂದು ಯೋಚಿಸಿದಳು. ಚಾಕ್ ಹಿಡಿದು ತನ್ನದನ್ನೇ ಬರೆದಳು.

"ಐದು ಕಂತು. ಮೊದಲನೇದು ಇವತ್ತೇ ಕೊಟ್ಟಾಯ್ತು, ಅದು ಬಾಕಿ ಅಲ್ಲ. ಉಳಿದ ನಾಲ್ಕನ್ನ ಬಡ್ಡಿ ಕಳೆದು ಇವತ್ತಿನ ಬೆಲೆಗೆ ಇಳಿಸಬೇಕು. ಶೇಕಡಾ ಹತ್ತರ ಕೋಷ್ಟಕದಲ್ಲಿ ನಾಲ್ಕು ವರ್ಷಕ್ಕೆ 3.170. ಬಾಧ್ಯತೆ 3,17,000." ಬೋರ್ಡಿನ ಇನ್ನೊಂದು ಬದಿಗೆ ಸರಿದಳು. "ಆಸ್ತಿ ಲೆಕ್ಕ ಹಾಕುವಾಗ ಆ ಬಾಧ್ಯತೆಗೆ ಇವತ್ತು ಕೊಟ್ಟ ಒಂದು ಲಕ್ಷ ಸೇರಿಸಬೇಕು, ದಲ್ಲಾಳಿಯ ಎಂಟು ಸಾವಿರ ಸೇರಿಸಬೇಕು, ಮಾಲೀಕ ಕೊಟ್ಟ ಐದು ಸಾವಿರ ಕಳೀಬೇಕು. 4,20,000. ಐದು ವರ್ಷಕ್ಕೆ ಸವಕಳಿ ವರ್ಷಕ್ಕೆ 84,000."

ಹಿಂದಿನ ಬೆಂಚುಗಳಲ್ಲಿ ಪುಟ ತಿರುವುವ ಸದ್ದು, ಗುಸುಗುಸು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಪುಸ್ತಕದ ಹಿಂದೆ ಉತ್ತರ ನೋಡಿದ್ದೀಯಾ?"

"ನೋಡಿದ್ದೀನಿ ಸರ್. ಎರಡನ್ನೂ ಕೊನೇ ಕಂತಿನ ತನಕ ನಡೆಸಿ ನೋಡೋಣ. ಲೆಕ್ಕ ಸರಿ ಇದ್ರೆ ಕೊನೆಗೆ ಸೊನ್ನೆಯಾಗಬೇಕು."

ಬಡ್ಡಿ ಸೇರಿಸಿ, ಕಂತು ಕಳೆದು, ಮತ್ತೆ ಬಡ್ಡಿ ಸೇರಿಸಿ ಅವಳು ಸರಸರ ಇಳಿದಳು. ವರ್ಷದ ಕೊನೆಗೆ 3,48,700, ಕಂತು ಕಟ್ಟಿದರೆ 2,48,700. ಹಾಗೇ ಸಾಗಿ ಕೊನೆಯ ಕಂತು ಕಟ್ಟಿದ ಮೇಲೆ ಉಳಿದದ್ದು ಬರೀ ಇಪ್ಪತ್ತು. "ಕೋಷ್ಟಕದಲ್ಲಿ ಮೂರೇ ದಶಮಾಂಶ ಇರೋದ್ರಿಂದ ಆ ಇಪ್ಪತ್ತು" ಎಂದಳು.

ಮೇಷ್ಟ್ರು ಅವಳ ಕೈಯಿಂದ ಚಾಕ್ ತೆಗೆದುಕೊಂಡರು. ಪುಸ್ತಕದ ಸಂಖ್ಯೆಯನ್ನು ತಾವೇ ನಡೆಸಿದರು. 3,79,100. ಕೀಲಿ ಪಡೆದ ದಿನವೇ ಒಂದು ಲಕ್ಷ ಹೋಯಿತು, 2,79,100. ಬಡ್ಡಿ, ಕಂತು, ಬಡ್ಡಿ, ಕಂತು. ನಾಲ್ಕನೇ ಕಂತು ಕಟ್ಟಿದಾಗ ಉಳಿದದ್ದು 40,482. ಒಂದು ವರ್ಷದ ಬಡ್ಡಿ ಸೇರಿ 44,530. ಅದಕ್ಕೆ ಇನ್ನೂ ಒಂದು ಲಕ್ಷ ಕಟ್ಟಬೇಕು. ಚಾಕ್ ಅಲ್ಲೇ ನಿಂತಿತು.

"ಸರ್, ಐವತ್ತೈದು ಸಾವಿರದ ನಾನೂರ ಎಪ್ಪತ್ತು ವ್ಯಾನಿನವನೇ ನಮಗೆ ವಾಪಸ್ ಕೊಡಬೇಕಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ನಗಲಿಲ್ಲ. ಚೀಲದಿಂದ ಹಳೆಯ ಮುದ್ರಣದ ಪುಸ್ತಕ ತೆಗೆದು ಹದಿನೇಳನ್ನು ಹುಡುಕಿದರು. ಅಲ್ಲಿ ಕಂತು ವರ್ಷದ ಕೊನೆಯಲ್ಲಿ ಇತ್ತು. ಐದಕ್ಕೆ ಐದೂ ಕಂತು ಮುಂದೆ ಕಟ್ಟಬೇಕಾದವು. ಐದು ವರ್ಷದ 3.791 ಹಿಡಿದರೆ ಉತ್ತರ ಸರಿಯಾಗೇ ಇತ್ತು.

ಹಳೇ ಪುಸ್ತಕ ಕೊಂಡವರು ಉತ್ತರ ನಕಲು ಮಾಡಬಾರದೆಂದು ಹೊಸ ಮುದ್ರಣದಲ್ಲಿ ವರ್ಷದ ಕೊನೆಯನ್ನು ವರ್ಷದ ಆರಂಭ ಮಾಡಿದವರು ಅವರೇ. ಆ ಜಾಣತನಕ್ಕೆ ಬೀಗಿಕೊಂಡು, ಪುಸ್ತಕದ ಕೊನೆಯ ಪುಟದ ಉತ್ತರ ತಿದ್ದುವುದನ್ನೇ ಮರೆತಿದ್ದರು.

ಅವರು ಕುರ್ಚಿಯಲ್ಲಿ ಕೂತರು. "ಕಳೆದ ಸಲ ಎಷ್ಟರಲ್ಲಿ ಹೋಯ್ತಮ್ಮ ನಿಂದು?" ಕ್ಲಾಸಿನಲ್ಲಿ ಅವರು ಅವಳನ್ನು ಅಮ್ಮ ಎಂದದ್ದು ಅದೇ ಮೊದಲು.

"ಎರಡು ಮಾರ್ಕ್ಸು ಮಾವ." ಅವಳಿಗೂ ಸರ್ ಅನ್ನುವುದು ಮರೆತುಹೋಗಿತ್ತು.

"ಇಂಥ ಪ್ರಶ್ನೆಯಲ್ಲೇ?"

ಅವಳು ಹೌದೆಂದು ತಲೆಯಾಡಿಸಿದಳು. ಮೇಷ್ಟ್ರ ಕಣ್ಣು ತುಂಬಿತು. ಅದನ್ನು ಚಾಕಿನ ಧೂಳಿನ ಮೇಲೆ ಹಾಕುವಂತೆ ಎರಡು ಸಲ ಸುಳ್ಳು ಕೆಮ್ಮು ಕೆಮ್ಮಿ, ಎದ್ದು ಅರವತ್ತು ಜನಕ್ಕೂ ಹೇಳಿದರು: "ಹದಿನೇಳರ ಉತ್ತರ ಹೊಡೆದುಹಾಕಿ. ನಂದು ತಪ್ಪು. ಬೋರ್ಡಿನ ಮೇಲಿರೋದು ಸರಿ. ಮೊದಲು ಕಂತು ಯಾವಾಗ ಅಂತ ಓದಿ, ಆಮೇಲೆ ಕೋಷ್ಟಕ ಮುಟ್ಟಿ."

ಮಧ್ಯಾಹ್ನ ಊಟ ಮುಗಿದದ್ದೇ ಮೇಜು ಗೋಂದುಮಯವಾಯಿತು. ಮಾರಾಟವಾಗದೆ ಉಳಿದ ಎಪ್ಪತ್ತೆರಡು ಪುಸ್ತಕಕ್ಕೆ ತಿದ್ದುಪಡಿ ಚೀಟಿ ಅಂಟಿಸುವ ಕೆಲಸ. ಮಾವ ಬರೆದರು, ಅತ್ತೆ ಕತ್ತರಿಸಿದರು. ಸೊಸೆ ಅಂಟಿಸಲು ಬಂದರೆ "ನೀನು ಹೋಗಿ ಓದ್ಕೋ" ಎಂದು ಇಬ್ಬರೂ ಓಡಿಸಿದರು. ಪ್ರತಿ ಚೀಟಿಯ ಕೊನೆಗೆ ಒಂದು ಸಾಲಿತ್ತು: ತಪ್ಪು ಹಿಡಿದವರು, ಮೊದಲ ಬೆಂಚಿನ ವಿದ್ಯಾರ್ಥಿನಿ.

"ಸೊಸೆ ಅಂತ ಹಾಕಿದ್ರೆ ಕೈ ಸವೀತಿತ್ತೇನ್ರೀ?" ಎಂದರು ಅತ್ತೆ.

"ಬುಧವಾರ ಆಗ್ಲಿ" ಎಂದರು ಮಾವ.

ಬುಧವಾರ ಪರೀಕ್ಷೆ ಮುಗಿಯುವ ಹೊತ್ತಿಗೆ ಅವರು ಗೇಟಿನ ಹೊರಗೆ ನಿಂತಿದ್ದರು. ಪರೀಕ್ಷೆ ಶುರುವಾದಾಗಿನಿಂದ ಅಲ್ಲೇ ಇದ್ದರೆಂದು ಕಾವಲುಗಾರ ಆಮೇಲೆ ಹೇಳಿದ.

"ಲೀಸ್ ಬಂತಾ?"

"ಬಂತು ಮಾವ. ಯಂತ್ರ, ಆರು ವರ್ಷ."

"ಕಂತು?"

"ವರ್ಷದ ಕೊನೆಯಲ್ಲಿ."

ಮಾವನ ಮುಖ ಬಿಳಿಚಿತು. ಭಾನುವಾರ ಆಮೇಲೆ ಕ್ಲಾಸು ಮುಗಿಯುವ ತನಕ ತಾವು ಒಂದು ಕಂತು ಬಿಡುವುದನ್ನೇ ಎಲ್ಲರ ತಲೆಗೆ ತುಂಬಿದ್ದರು. "ನೀನು ಐದನ್ನೇ ಇಳಿಸಿದ್ಯಾ?"

"ಆರನ್ನೂ ಇಳಿಸಿದೆ. ಮೊದಲ ದಿನ ಏನೂ ಕೊಟ್ಟಿಲ್ವಲ್ಲ, ಸೇರಿಸೋದಕ್ಕೂ ಇಲ್ಲ, ಬಿಡೋದಕ್ಕೂ ಇಲ್ಲ." ಅವಳು ನಕ್ಕಳು. "ಮೊದಲು ಕಂತು ಯಾವಾಗ ಅಂತ ಓದಿದೆ. ಒಂದು ಗೆರೆಯನ್ನೂ ಹೊಡೆದುಹಾಕಲಿಲ್ಲ."

ಹೊಟ್ಟೆಗೆ ಹಾಲು ಹೊಯ್ದಂತಾಗಿ ಮಾವ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

ಎರಡು ತಿಂಗಳಿಗೆ ಫಲಿತಾಂಶ ಬಂತು. ಐವತ್ತು ಬೇಕಾದಲ್ಲಿ ಅರವತ್ತಮೂರು. ಆ ಸಂಜೆ ಲಾಂಡ್ರಿಯಿಂದ ಅವಳು ಬರುವಾಗ ಮೇಜಿನ ಮೇಲೆ ಮತ್ತೆ ಎಪ್ಪತ್ತೆರಡು ಪುಸ್ತಕ ಹರಡಿದ್ದವು. ಮಾವ ಒಂದೊಂದನ್ನೇ ತೆಗೆದು, ಚೀಟಿಯ ಮೇಲಿನ ವಿದ್ಯಾರ್ಥಿನಿ ಎಂಬ ಪದವನ್ನು ಹೊಡೆದು, ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದರು: ಅಕೌಂಟೆಂಟ್, ನನ್ನ ಸೊಸೆ.

"ಇನ್ನೂ ನಲವತ್ತಿದೆ" ಎಂದರು ತಲೆ ಎತ್ತದೆ. "ಕೈ ತೊಳ್ಕೊಂಡು ಬಾ, ನೀನೂ ಒಂದೆರಡು ಬರಿ."