ನಿಲುವಿಗೆ ಅಂಕವಿಲ್ಲ

'ಪರಕೀಯರ ಆಳ್ವಿಕೆಯಿಂದ ನಮಗೆ ಒಳಿತಾಯಿತೇ? ಚರ್ಚಿಸಿ.' ಇಪ್ಪತ್ತು ಅಂಕ. ಇಂಥ ಪ್ರಶ್ನೆ ತೆಗೆದವರನ್ನು ಹಿಡಿದು ತಂದು ಈ ಮೌಲ್ಯಮಾಪನ ಕೇಂದ್ರದ ಮುರುಕು ಬೆಂಚಿನ ಮೇಲೆ ವಾರವಿಡೀ ಕೂರಿಸಬೇಕು. ಮಕ್ಕಳೆಲ್ಲ ಒಂದೇ ರಾಗ ಎಳೆದಿದ್ದರು: ಬಂದರು, ದೋಚಿದರು, ಹೋದರು. ಒಂದು ಮಗು ಮಾತ್ರ ಒಳಿತಾಯಿತು ಎಂದು ಬರೆದಿತ್ತು.

ಓದುತ್ತ ನನಗೆ ಮೈ ಉರಿಯಿತು. ಉರಿಯಿತೆಂದೇ ಇನ್ನೊಮ್ಮೆ ಓದಿದೆ. ರೈಲು, ಕೋರ್ಟು, ಶಾಲೆ ಎಲ್ಲಕ್ಕೂ ಆಧಾರ ಕೊಟ್ಟಿತ್ತು. ಬರಗಾಲದಲ್ಲೂ ಧಾನ್ಯ ಹಡಗು ಹತ್ತಿದ್ದನ್ನು, ಮಗ್ಗಗಳು ನಿಂತದ್ದನ್ನು ಮುಚ್ಚಿಡದೆ, ಅದಕ್ಕೂ ತನಗೆ ತಿಳಿದ ಉತ್ತರ ಹೇಳಿತ್ತು. ನಮಗೆ ಕೊಟ್ಟ ಮಾರ್ಗಸೂಚಿಯಲ್ಲಿ ನಿಲುವಿಗೆ ಅಂಕವಿಲ್ಲ. ವಾದ, ಆಧಾರ, ಎದುರು ವಾದಕ್ಕೆ ಉತ್ತರ, ಭಾಷೆ, ಒಂದೊಂದಕ್ಕೆ ಐದು. ಹಲ್ಲು ಕಚ್ಚಿಕೊಂಡು ಹದಿನೈದು ಕೊಟ್ಟೆ.

ಎರಡನೆಯ ಮೌಲ್ಯಮಾಪಕರು ಕೊಟ್ಟದ್ದು ಆರು. ಉಳಿದ ಅಂಕಗಳ ಜೊತೆಗೆ ಇದರಲ್ಲಿ ಎಂಟು ಬಾರದಿದ್ದರೆ ಮಗು ಫೇಲು, ಕಾಲೇಜಿನ ಬಾಗಿಲು ಬಂದ್. ಅಂತರ ಇಷ್ಟಾದರೆ ಇಬ್ಬರೂ ಕೂತು ಮಾತಾಡಬೇಕೆಂಬುದು ನಿಯಮ. ಹೋಗಿ ನೋಡಿದರೆ ಅಲ್ಲಿದ್ದವರು ನನಗೆ ಇತಿಹಾಸ ಕಲಿಸಿದ ಮೇಷ್ಟ್ರು.

ನನಗೆ ಜೀವ ಬಂದಂತಾಯಿತು. ಮಾರ್ಗಸೂಚಿ ಮುಂದಿಟ್ಟು ಒಂದೊಂದೇ ಕೇಳಿದೆ. ವಾದ ಸ್ಪಷ್ಟವಿದೆಯೇ ಎಂದರೆ ಇದೆ ಎಂದರು. ಆಧಾರ ಸರಿಯೇ ಎಂದರೆ ಸರಿ ಎಂದರು. ಎದುರು ವಾದಕ್ಕೆ ಉತ್ತರ ಕೊಟ್ಟಿದೆ, ಭಾಷೆಯೂ ಶುದ್ಧ ಎಂದು ಅವರೇ ಒಪ್ಪಿದರು. ಒಂದೊಂದಕ್ಕೆ ಅವರೇ ಹೇಳಿದ ಅಂಕ ಕೂಡಿದರೆ ಹದಿನಾಲ್ಕು ಬಂತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಎಲ್ಲ ಸರಿ ಕಣಮ್ಮ. ಆದ್ರೆ ನನ್ನ ಕೈಯಿಂದ ಇದು ಪಾಸಾಗಲ್ಲ."

ಸುತ್ತಲಿದ್ದವರು ತಲೆಯೆತ್ತಿದರು. ಉತ್ತರಪತ್ರಿಕೆ ಮೂರನೆಯವರಿಗೆ ಹೋಯಿತು. ಯಾರು ಎಷ್ಟು ಕೊಟ್ಟರೆಂದು ಅವರಿಗೆ ಗೊತ್ತಿರಬಾರದು, ಆದರೆ ಆ ಹಾಲಿನಲ್ಲಿ ಗೋಡೆಗೂ ಕಿವಿ. ಅವರೂ ಮೇಷ್ಟ್ರ ಶಿಷ್ಯರೇ. ಏಳು ಕೊಟ್ಟರು. ಹತ್ತಿರದ ಎರಡರ ಸರಾಸರಿ ತೆಗೆದು, ಬಂದ ಆರೂವರೆಯನ್ನು ಏಳೆಂದು ಬರೆದರು. ನನ್ನ ಹದಿನೈದು ಕಸಕ್ಕೆ ಹೋಯಿತು. ಇಷ್ಟು ವ್ಯತ್ಯಾಸ ಏಕೆ, ಪಕ್ಷಪಾತವೇ ಎಂದು ವಿವರಣೆ ಕೇಳಿದ್ದೂ ನನ್ನನ್ನೇ. ಕಳ್ಳನನ್ನು ಬಿಟ್ಟು ಕೂಗಿದವನನ್ನು ಹಿಡಿದ ಹಾಗೆ.

ಸಂಜೆ ಹೊರಡುವಾಗ ಮೇಷ್ಟ್ರು ಮೆಟ್ಟಿಲ ಬಳಿ ಕಾದಿದ್ದರು. ಅವರ ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ, ಮೊದಲಿನ ಅಕ್ಕರೆಯೇ ಇತ್ತು.

"ಕೋಪ ಮಾಡ್ಕೋಬೇಡ. ನೀನೂ ಇದೇ ಪ್ರಶ್ನೆಗೆ ಬರೆದಿದ್ದೆ, ಮರೆತ್ಯಾ? ಹದಿನೆಂಟು ಕೊಟ್ಟಿದ್ದೆ ನಾನು. ಆಧಾರ ಗೀಧಾರ ಏನೂ ಇರ್ಲಿಲ್ಲ. ಆದ್ರೆ ಎಷ್ಟು ಚೆನ್ನಾಗಿ ಬೈದಿದ್ದೆ ಅವರನ್ನ!"

ಬೆನ್ನು ತಟ್ಟಿ ಮೆಟ್ಟಿಲಿಳಿದು ಹೋದರು. ಆ ಹದಿನೆಂಟನ್ನು ನಂಬಿಯೇ ನಾನು ಇತಿಹಾಸ ಓದಿದ್ದು, ಅದನ್ನು ನಂಬಿಯೇ ಇಷ್ಟು ವರ್ಷ ಪಾಠ ಮಾಡಿದ್ದು.