ಎಂಟಕ್ಕೆ ಬರೋದು ಬೇಡ

ಶುಕ್ರವಾರ ಸಂಜೆ ವಾರ್ಡಿನಿಂದ ಮನೆಗೆ ಬಂದ ನರ್ಸಮ್ಮನಿಗೆ ಚಪ್ಪಲಿ ಬಿಡಲೂ ಬೇಸರ. ಸೋಮವಾರದಿಂದ ಅವಳ ಪಾಳಿ ಬದಲಾಗಿತ್ತು. ಇಷ್ಟು ದಿನ ಒಂಬತ್ತಕ್ಕೆ ಹೋಗುತ್ತಿದ್ದವಳು ಇನ್ನು ಬೆಳಗ್ಗೆ ಏಳಕ್ಕೆ ವಾರ್ಡಿನಲ್ಲಿರಬೇಕು, ಎಂದರೆ ಆರೂವರೆಗೆ ಮನೆ ಬಿಡಬೇಕು. ಗಂಡ ರೈಲ್ವೆ ಗಾರ್ಡು, ವಾರದಲ್ಲಿ ಐದು ದಿನ ರೈಲಿನ ಮೇಲೆಯೇ. ಮನೆಯಲ್ಲಿರುವುದು ಮಾವ ಒಬ್ಬರು. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ ಎರಡು ತಿಂಗಳು. ವಾಕರ್ ಹಿಡಿದು ನಡೆಯುತ್ತಾರೆ, ಆದರೆ ಬೆಳಗ್ಗೆ ಎದ್ದು ಸ್ನಾನ ತಿಂಡಿ ಮುಗಿಯುವವರೆಗೆ ಪಕ್ಕದಲ್ಲಿ ಒಂದು ಆಳು ಇರಲೇಬೇಕು.

ಆ ಆಳು ಮನೆಗೆಲಸದ ಅಕ್ಕ. ಎಂಟಕ್ಕೆ ಬಂದು ಮಾವನಿಗೆ ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ಪಾತ್ರೆ ತೊಳೆದು, ನೆಲ ಒರೆಸಿ ಹತ್ತಕ್ಕೆ ಹೊರಡುತ್ತಿದ್ದಳು. ಆರು ವರ್ಷದಿಂದ ಈ ಮನೆಯ ಒಂದು ಬೀಗದ ಕೈ ಅವಳ ಸೆರಗಿನ ಗಂಟಿನಲ್ಲೇ ಇತ್ತು. ಮುಂದಿನ ವಾರ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಾಲ್ಕು ದಿನ ರಜೆಯನ್ನೂ ಕೇಳಿದ್ದಳು. ನರ್ಸಮ್ಮ 'ಆಯ್ತು' ಎಂದವಳು ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಫೋನ್ ಮಾಡಿ ಹೇಳಲೂ ಸುಸ್ತು. ಮೆಸೇಜ್ ಬರೆಯಲು ಕುಳಿತಳು. ಬರೆದದ್ದು ಆಸ್ಪತ್ರೆಯ ಸುತ್ತೋಲೆಯ ಹಾಗಿದೆ ಎನ್ನಿಸಿ ಅಳಿಸಿದಳು. ಮತ್ತೆ ಬರೆದರೆ ತನ್ನ ಕಷ್ಟದ ಕತೆಯೇ ಮುಕ್ಕಾಲು ಪಾಲಾಯಿತು. ಮೂರನೆಯ ಸಲ, ಕಣ್ಣು ಎಳೆಯುತ್ತಿದ್ದ ಹೊತ್ತಿನಲ್ಲಿ, ಹೀಗೆ ಬರೆದು ಕಳಿಸಿಬಿಟ್ಟಳು:

"ಅಕ್ಕ, ನಮಸ್ಕಾರ. ಸೋಮವಾರದಿಂದ ನೀವು ಎಂಟಕ್ಕೆ ಬರೋದು ಬೇಡ. ನನ್ನ ಪಾಳಿ ಬದಲಾಗಿದೆ. ಆರಕ್ಕೆ ಬರೋಕಾಗುತ್ತಾ? ನಿಮಗೆ ಅನುಕೂಲ ಇಲ್ಲದಿದ್ರೆ ಹೇಳಿ, ಕೂತು ಮಾತಾಡೋಣ. ನೀವು ಕೇಳಿದ್ದ ರಜೆ ಹಾಗೇ ಇದೆ, ಅದರಲ್ಲಿ ಬದಲಾವಣೆ ಇಲ್ಲ."

ಮರ್ಯಾದೆಗೆ ಕೊರತೆಯಿರಲಿಲ್ಲ, ವಿಷಯವೂ ಸ್ಪಷ್ಟವಾಗಿತ್ತು. ಹಾಗಂತ ಅವಳು ಅಂದುಕೊಂಡು ಮಲಗಿದಳು.

ಶನಿವಾರ ಎಂಟಾಯಿತು, ಅಕ್ಕ ಬರಲಿಲ್ಲ. ಎಂಟೂಕಾಲಾಯಿತು. ಫೋನ್ ಮಾಡಿದರೆ ಸ್ವಿಚ್ ಆಫ್. ಮಾವ ಬಚ್ಚಲಿನ ಕುರ್ಚಿಯಲ್ಲಿ ಟವೆಲ್ ಸುತ್ತಿಕೊಂಡು ಕುಳಿತು, "ಏನಮ್ಮಾ, ನಂಗೆ ಸ್ನಾನ ಇವತ್ತೋ ನಾಳೆನೋ?" ಎಂದು ಕೂಗುತ್ತಿದ್ದರು. ನರ್ಸಮ್ಮ ವಾರ್ಡಿಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿ, ಸೀರೆ ಎತ್ತಿ ಕಟ್ಟಿ, ತಾನೇ ಬಕೆಟ್ಟಿಗೆ ನೀರು ಬಿಟ್ಟಳು.

ಎಂಟೂ ಮುಕ್ಕಾಲಿಗೆ ಬಾಗಿಲು ಬಡಿದ ಸದ್ದಾಯಿತು. ಬೀಗದ ಕೈ ಇದ್ದೂ ಅಕ್ಕ ಬಾಗಿಲು ತಟ್ಟಿದ್ದಳು. ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತು, ಸೆರಗಿನ ಗಂಟು ಬಿಚ್ಚಿ ಕೈ ಚಾಚಿದಳು.

"ತಗೊಳ್ಳಿ ಸಿಸ್ಟರಮ್ಮ, ನಿಮ್ಮನೆ ಕೀ."

"ಯಾಕಕ್ಕ? ಏನಾಯ್ತು?"

"ಏನೂ ಆಗಿಲ್ಲ. ಬೇಡ ಅಂದ್ಮೇಲೆ ಬೇಡ. ಆರು ವರ್ಷ ಆಯ್ತು, ಮುಖ ನೋಡಿ ಹೇಳಿದ್ರೆ ನಾನೇನು ಜಗಳ ಆಡ್ತಿದ್ನಾ? ಕಣ್ಣು ಕಾಣದವಳು ಯಾಕೆ ಅಂತ ಅನ್ನಿಸಿರುತ್ತೆ. ತಪ್ಪಲ್ಲ ಬಿಡಿ."

ನರ್ಸಮ್ಮನಿಗೆ ತಲೆ ಬುಡ ಅರ್ಥವಾಗಲಿಲ್ಲ. "ಬೇಡ ಅಂತ ಯಾರು ಹೇಳಿದ್ರು?"

"ನೀವೇ ಕಳಿಸಿದ್ರಲ್ಲ. ನಂಗೆ ಅಕ್ಷರ ಎಲ್ಲ ಹೊಗೆ ಥರ ಕಾಣುತ್ತೆ. ಪಕ್ಕದ ದರ್ಜಿಗೆ ತೋರಿಸಿದೆ. ಮಿಷನ್ ತುಳೀತಾನೇ ಮೇಲಿಂದ ಓದಿ ಹೇಳಿದ. ಸೋಮವಾರದಿಂದ ಬರೋದು ಬೇಡ ಅಂತೆ. ಸೋಮವಾರದಿಂದ ಬೇಡದವಳು ಇವತ್ತಾದ್ರೂ ಯಾಕೆ ಅಂತ ಫೋನೇ ಆರಿಸಿ ಇಟ್ಟೆ."

ದರ್ಜಿ ಓದಿದ್ದು ಪರದೆಯ ಮೇಲೆ ಕಂಡ ಒಂದೂವರೆ ಸಾಲು. ಉಳಿದದ್ದು ತೆರೆದರಷ್ಟೇ ಕಾಣುತ್ತಿತ್ತು. ನರ್ಸಮ್ಮ ಅಕ್ಕನ ರಟ್ಟೆ ಹಿಡಿದು ಒಳಗೆ ಕರೆತಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದಳು. ತಾನು ನೆಲದ ಮೇಲೆಯೇ ಕುಳಿತು ಮೆಸೇಜನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಓದುತ್ತಿರುವಾಗಲೇ ಆ 'ಬರೋದು ಬೇಡ' ಎಂಬ ಸಾಲು ಅವಳ ಕಿವಿಗೂ ಚುಚ್ಚಿತು. ಯಾರೇ ಕೇಳಿದರೂ ಅಲ್ಲಿಗೇ ನಿಲ್ಲುವಂಥ ಸಾಲು.

"ನಂದೇ ತಪ್ಪು ಅಕ್ಕ. ನಿದ್ದೆಗಣ್ಣಲ್ಲಿ ಬರೆದೆ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕೆಲಸದ ದನಿಯಲ್ಲಿ ಹೇಳಿದಳು: "ಆರಕ್ಕೆ ಆಗಲ್ಲ ಸಿಸ್ಟರಮ್ಮ. ಆರಕ್ಕೆ ಬೇಕರಿಯವರ ಮನೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಟೀಚರ್ ಮನೆಗೆ. ಒಂದು ಕಡೆ ಎಳೆದ್ರೆ ಮೂರೂ ಅಲ್ಲಾಡುತ್ತೆ."

ನರ್ಸಮ್ಮ ವಾರ್ಡಿನಲ್ಲಿ ಇಪ್ಪತ್ತು ಜನರ ಪಾಳಿಪಟ್ಟಿ ಬರೆಯುವವಳು. ಅಕ್ಕನಿಗೂ ಒಂದು ಪಾಳಿಪಟ್ಟಿ ಇದೆಯೆಂದು ಆರು ವರ್ಷದಲ್ಲಿ ಹೊಳೆದಿರಲಿಲ್ಲ.

ಬಚ್ಚಲಿನಿಂದ ಮಾವನ ದನಿ ಬಂತು. "ಆರಕ್ಕೆ ಯಾರೂ ಬೇಡ. ನಾನು ಹಾಸಿಗೆಲೇ ಪೇಪರ್ ಓದ್ಕೊಂಡು ಬಿದ್ದಿರ್ತೀನಿ. ಮೊದ್ಲು ಯಾರಾದ್ರೂ ಬಂದು ಈ ಸೋಪು ತೊಳೀರಿ, ಕಣ್ಣುರೀತಿದೆ!"

ಇಬ್ಬರಿಗೂ ನಗು ಬಂತು. ಅಕ್ಕ ಬೀಗದ ಕೈಯನ್ನು ಮತ್ತೆ ಸೆರಗಿಗೆ ಗಂಟು ಹಾಕಿ, ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಮಗ್ಗು ಕೈಗೆತ್ತಿಕೊಂಡಳು. ನೀರು ಹೊಯ್ಯುತ್ತಲೇ ದಾರಿ ಹುಡುಕಿದ್ದೂ ಅವಳೇ. ಬೇಕರಿಯವರು ನಾಲ್ಕಕ್ಕೇ ಎದ್ದಿರುತ್ತಾರೆ, ಅಲ್ಲಿಗೆ ಐದೂಕಾಲಿಗೆ ಹೋದರೆ ಇಲ್ಲಿಗೆ ಏಳಕ್ಕೆ ಬರಬಹುದು. ಬೆಳಗ್ಗೆ ಮಾವ ಅರ್ಧ ಗಂಟೆ ಮಾತ್ರ ಒಬ್ಬರೇ. ಹಾಸಿಗೆಯಿಂದ ಕಾಲು ಕೆಳಗಿಡುವುದಿಲ್ಲವೆಂದು ಅವರು ಮಾತು ಕೊಟ್ಟರು.

"ನಿದ್ದೆ ಕೆಡುತ್ತಲ್ಲಕ್ಕ."

"ಕೆಡಲಿ. ಒಂಬತ್ತಕ್ಕೆ ಬಿಟ್ಟುಬಿಡಿ, ಟೀಚರ್ ಮನೆಗೆ ಹೋಗೋ ಮುಂಚೆ ಒಂದು ಗಂಟೆ ಕಾಲು ಚಾಚ್ತೀನಿ."

ಉಳಿದದ್ದು ರಜೆ. ಅಕ್ಕ ನಾಲ್ಕು ದಿನವೆಂದು ಮತ್ತೊಮ್ಮೆ ನೆನಪಿಸಿದಳು. ಸರಿ ಎಂದುಬಿಡುವುದು ಸುಲಭವಿತ್ತು. ನರ್ಸಮ್ಮನ ಬಾಯಿಗೆ ಅದು ಬಂದೂ ಇತ್ತು. ಆದರೆ ಹೇಳಲಾಗಲಿಲ್ಲ.

"ನಾಲ್ಕು ದಿನ ಸಾಲದು. ಬಗ್ಗಿ ನೆಲ ಒರೆಸಬಾರದು, ಬಕೆಟ್ ಎತ್ತಬಾರದು, ಕಣ್ಣಿಗೆ ಧೂಳು ನೀರು ಸೋಕಬಾರದು. ಹದಿನೈದು ದಿನ ಬೇಕು."

ಅಕ್ಕನ ಕೈ ನಿಂತಿತು. "ಹದಿನೈದು ದಿನ ಅಂದ್ರೆ ಬೇರೆಯವರನ್ನ ಇಟ್ಕೋತೀರಿ."

"ನೀವೇ ಯಾರನ್ನಾದ್ರೂ ಕಳಿಸಿ. ಹದಿನೈದು ದಿನಕ್ಕೆ ಮಾತ್ರ."

"ನನ್ನ ನಾದಿನಿ ಬರ್ತಾಳೆ. ಆದ್ರೆ ಇದನ್ನ ನಂಗೆ ಕಳಿಸಿ ಸಿಸ್ಟರಮ್ಮ. ಬರೆದು ಬೇಡ, ಮಾತಾಡಿ ಕಳಿಸಿ. ದರ್ಜಿ ಓದೋದು ಬೇಡ, ನನ್ನ ಕಿವಿಲೇ ಕೇಳ್ಕೋತೀನಿ."

ಅವತ್ತು ಮಧ್ಯಾಹ್ನ ವಾರ್ಡಿನ ಔಷಧಿ ಕೋಣೆಯಲ್ಲಿ ನರ್ಸಮ್ಮ ಫೋನನ್ನು ಬಾಯಿಗೆ ಹಿಡಿದಳು.

"ಅಕ್ಕ, ಮೊದಲನೇ ಮಾತು, ನಿಮ್ಮ ಕೆಲಸ ನಿಮ್ಮದೇ. ಸೋಮವಾರದಿಂದ ಏಳಕ್ಕೆ ಬನ್ನಿ, ಒಂಬತ್ತಕ್ಕೆ ಹೊರಡಿ. ಗುರುವಾರ ಆಪರೇಷನ್, ಅವತ್ತಿಂದ ಹದಿನೈದು ದಿನ ರಜೆ. ಸಂಬಳ ಹಿಡಿಯಲ್ಲ. ನಿಮ್ಮ ನಾದಿನಿಗೆ ಬೇರೆ ಕೊಡ್ತೀನಿ. ಡಾಕ್ಟರು ಇನ್ನೂ ರೆಸ್ಟ್ ಬೇಕು ಅಂದ್ರೆ ಒಂದು ಫೋನ್ ಮಾಡಿ, ಸಾಕು." ನಡುವೆ ಆಕಳಿಕೆ ಬಂದದ್ದೂ ರೆಕಾರ್ಡ್ ಆಯಿತು. ಮತ್ತೊಮ್ಮೆ ಹೇಳುವಷ್ಟು ತ್ರಾಣವಿಲ್ಲದೆ ಹಾಗೆಯೇ ಕಳಿಸಿದಳು.

ನಾದಿನಿ ಬಂದಳು. ಕೆಲಸಕ್ಕಿಂತ ಬಾಯಿ ಜೋರು. ಮಾವನಿಗೆ ಇಡೀ ಬೀದಿಯ ಸುದ್ದಿ ಸಿಕ್ಕಿತು, ನರ್ಸಮ್ಮನಿಗೆ ಅರ್ಧ ತೊಳೆದ ಪಾತ್ರೆ. ಹದಿನೈದನೆಯ ದಿನ ಅಕ್ಕನ ಫೋನ್ ಬಂತು. ಡಾಕ್ಟರು ಇನ್ನೊಂದು ವಾರ ಅಂದಿದ್ದಾರೆ. ನರ್ಸಮ್ಮ ವಾರ್ಡಿನ ಗೋಡೆಗೆ ಒರಗಿ ಕಣ್ಣು ಮುಚ್ಚಿ, "ಆಯ್ತಕ್ಕ, ಡ್ರಾಪ್ಸ್ ತಪ್ಪಿಸಬೇಡಿ" ಎಂದಳು.

ಆ ವಾರವೂ ಹೇಗೋ ಕಳೆಯಿತು. ಅಕ್ಕ ಮರಳಿ ಬಂದದ್ದು ನರ್ಸಮ್ಮನಿಗೆ ವಾರದ ರಜೆಯಿದ್ದ ದಿನ, ಸರಿಯಾಗಿ ಏಳಕ್ಕೆ. ಕಪ್ಪು ಕನ್ನಡಕ ತೆಗೆದು ಅಡುಗೆಮನೆಯ ಗೋಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು.

"ಅಯ್ಯೋ ಸಿಸ್ಟರಮ್ಮ, ಇದು ಇಷ್ಟು ಕೊಳೆ ಆಗಿತ್ತಾ? ಒಂದು ದಿನಾನೂ ಬಾಯಿ ಬಿಟ್ಟು ಹೇಳಿಲ್ವಲ್ಲ ನೀವು!"

"ನೋಡೋಕೆ ನಂಗೆಲ್ಲಿತ್ತು ಪುರುಸೊತ್ತು?" ಎಂದು ನರ್ಸಮ್ಮ ಅವಳಿಗೆ ಸ್ಟೂಲು ಎಳೆದುಕೊಟ್ಟಳು. "ಗೋಡೆ ಇನ್ನೊಂದು ದಿನ ನೋಡೋಣ. ಇವತ್ತು ತರಕಾರಿ ಹೆಚ್ಚಿ, ಸಾಕು."